ಅರ್ಧಕ್ಕೆ ನಿಂತ ಸಬ್‌ಟೈಟಲ್: ಸ್ಕ್ರೀನ್‌ಶಾಟ್ ಅನುವಾದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಮ್ಮದು ಡಿಟಿಪಿ ಮತ್ತು ಅನುವಾದದ ಸಣ್ಣ ಅಂಗಡಿ. ಮೊದಲೆಲ್ಲ ಲಗ್ನಪತ್ರಿಕೆ, ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್ ಬರುತ್ತಿದ್ದವು. ಈಗ ವಾಟ್ಸಾಪ್‌ನಲ್ಲಿ ವಿಡಿಯೋದ ಸ್ಕ್ರೀನ್‌ಶಾಟ್‌ಗಳೂ ಬರುತ್ತವೆ: ರೈತರು ನೋಡಿದ ಬೇಸಾಯದ ವಿಡಿಯೋ, ಕಾಲೇಜು ಹುಡುಗಿಯರು ನೋಡುವ ಕೊರಿಯನ್ ಸೀರಿಯಲ್, ಯಾರದೋ ಮಗ ಫಾರಿನ್‌ನಿಂದ ಕಳಿಸಿದ ಯಂತ್ರ ರಿಪೇರಿಯ ವಿಡಿಯೋ. "ಇದರಲ್ಲಿ ಕೆಳಗೆ ಏನು ಬರೆದಿದೆ, ಕನ್ನಡದಲ್ಲಿ ಹೇಳಿ" ಅಂತಾರೆ. ಪಟ ತೆರೆದು ನೋಡಿದರೆ ಸಾಲು ಅರ್ಧ ಮಾತ್ರ ಇರುತ್ತದೆ. ಆಗ ಎರಡೂ ಕಡೆಯಿಂದ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಒಂದು ಸ್ಕ್ರೀನ್‌ಶಾಟ್ ಕಳಿಸಿದರೆ ಸಾಲದಾ?

ಬಹಳ ಸಲ ಸಾಲದು. ಸಬ್‌ಟೈಟಲ್ ಮಾಡುವವರಿಗೆ ಜಾಗದ ಮಿತಿ ಇರುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡೇ ಸಾಲು. ಇಂಗ್ಲಿಷ್‌ನಲ್ಲಾದರೆ ಒಂದು ಸಾಲಿಗೆ ಹೆಚ್ಚೆಂದರೆ 42ರ ಆಸುಪಾಸು ಅಕ್ಷರ. ಪರದೆ ಮೇಲೆ ಅದು ನಿಲ್ಲುವುದು ಹೆಚ್ಚೆಂದರೆ 7 ಸೆಕೆಂಡು. ಮಾತಾಡುವವರು ಉದ್ದದ ವಾಕ್ಯ ಹೇಳಿದರೆ ಅದನ್ನು ಎರಡು, ಮೂರು ತುಂಡು ಮಾಡಲೇಬೇಕು. ನೀವು ವಿಡಿಯೋ ನಿಲ್ಲಿಸಿ ಪಟ ತೆಗೆದಾಗ ಕೈಗೆ ಸಿಗುವುದು ಅದರಲ್ಲಿ ಒಂದು ತುಂಡು. ಅದರ ಹಿಂದಿನದು ಮತ್ತು ಮುಂದಿನದು ಕೂಡ ಬೇಕು.

ವಾಕ್ಯ ಪೂರ್ತಿ ಇದೆಯಾ, ತುಂಡಾಗಿದೆಯಾ ಅಂತ ಪಟ ನೋಡಿಯೇ ಹೇಗೆ ಹೇಳುವುದು?

ಇಂಗ್ಲಿಷ್ ಸಬ್‌ಟೈಟಲ್ ಆದರೆ ಸುಲಭ. ಮೊದಲ ಅಕ್ಷರ ಸಣ್ಣದಾಗಿದ್ದರೆ ವಾಕ್ಯ ಹಿಂದಿನ ಫ್ರೇಮಿನಲ್ಲೇ ಶುರುವಾಗಿದೆ. ಕೊನೆಯಲ್ಲಿ ಚುಕ್ಕಿ, ಪ್ರಶ್ನೆ ಚಿಹ್ನೆ, ಆಶ್ಚರ್ಯ ಚಿಹ್ನೆ ಯಾವುದೂ ಇಲ್ಲದಿದ್ದರೆ ಮುಂದಿನ ಫ್ರೇಮಿಗೆ ಹೋಗಿದೆ. ಎರಡೂ ಆಗಿದ್ದರೆ ನಿಮ್ಮ ಕೈಯಲ್ಲಿರುವುದು ನಡುವಿನ ತುಂಡು.

ಮೂರು ಚುಕ್ಕಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಕೆಲವರು "ಮುಂದುವರಿದಿದೆ" ಅನ್ನುವುದಕ್ಕೆ ಹಾಕುತ್ತಾರೆ, ಕೆಲವರು ಮಾತಾಡುವವರು ತಡವರಿಸಿದರೆ ಮಾತ್ರ ಹಾಕುತ್ತಾರೆ. ಕೊನೆಯಲ್ಲಿ ಅಡ್ಡಗೆರೆ ಇದ್ದರೆ ಸಾಮಾನ್ಯವಾಗಿ ಇನ್ನೊಬ್ಬರು ನಡುವೆ ಬಾಯಿ ಹಾಕಿದ್ದಾರೆ ಅಂತ. ಅಂಥ ವಾಕ್ಯಕ್ಕೆ ಮುಂದಿನ ತುಂಡೇ ಇರುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ಎರಡೂ ಸಾಲು ಸಣ್ಣ ಗೆರೆಯಿಂದ ಶುರುವಾಗಿದ್ದರೆ ಇಬ್ಬರು ಮಾತಾಡುತ್ತಿದ್ದಾರೆ, ಒಂದೊಂದು ಸಾಲು ಒಬ್ಬೊಬ್ಬರದು. ಅದನ್ನು ಒಂದೇ ವಾಕ್ಯ ಅಂತ ಓದಿದರೆ ಪ್ರಶ್ನೆ ಕೇಳಿದವನ ಬಾಯಲ್ಲೇ ಉತ್ತರವೂ ಬರುತ್ತದೆ.

ಚೀನೀ ಸಬ್‌ಟೈಟಲ್‌ಗಳಲ್ಲಿ ಸಾಮಾನ್ಯವಾಗಿ ಚುಕ್ಕಿ, ಅಲ್ಪವಿರಾಮ ಹಾಕುವುದಿಲ್ಲ. ಕೊರಿಯನ್, ಜಪಾನೀ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನುವುದೇ ಇಲ್ಲ. ಅಲ್ಲಿ ಕ್ರಿಯಾಪದ ಬಂತಾ ಅಂತ ನೋಡಬೇಕು. ಆ ಎರಡು ಭಾಷೆಗಳಲ್ಲಿ ನಮ್ಮ ಕನ್ನಡದ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ, "ಇಲ್ಲ" ಅನ್ನುವುದೂ ಬಹುಮಟ್ಟಿಗೆ ಅಲ್ಲೇ. ಕೊನೆಯ ತುಂಡು ಕೈಬಿಟ್ಟರೆ ಹೌದೋ ಅಲ್ಲವೋ ಅನ್ನುವುದೇ ತಿಳಿಯುವುದಿಲ್ಲ.

ಒಂದೊಂದು ಪಟವನ್ನೂ ಬೇರೆ ಬೇರೆಯಾಗಿ ಅನುವಾದಿಸಿ ಆಮೇಲೆ ಜೋಡಿಸಿದರೆ ಆಗಲ್ವಾ?

ಆಗಲ್ಲ. ಮೊದಲು ಮೂಲ ಭಾಷೆಯ ತುಂಡುಗಳನ್ನು ಜೋಡಿಸಿ ಪೂರ್ತಿ ವಾಕ್ಯ ಮಾಡಿಕೊಳ್ಳಬೇಕು, ಆಮೇಲೆ ಕನ್ನಡ. ಯಾಕೆ ಅಂತ ಒಂದು ನಿಜವಾದ ಕೆಲಸದ ಮೇಲೇ ತೋರಿಸುತ್ತೇನೆ.

ಜಗಳೂರು ಕಡೆಯ ರೈತರೊಬ್ಬರು ಮೂರು ಪಟ ಕಳಿಸಿದ್ದರು. ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಯಾವುದೋ ಹೊರದೇಶದ ವಿಡಿಯೋ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್. 2018ರಲ್ಲಿ ನಮ್ಮ ದೇಶಕ್ಕೆ ಈ ಹುಳು ಬಂದದ್ದು ಮೊದಲು ಗೊತ್ತಾಗಿದ್ದೇ ಕರ್ನಾಟಕದಲ್ಲಿ. ಮೆಕ್ಕೆಜೋಳವೇ ಜೀವನವಾದ ನಮ್ಮ ಜಿಲ್ಲೆಯಲ್ಲಿ ಇಂಥ ವಿಡಿಯೋ ಮೊಬೈಲಿಂದ ಮೊಬೈಲಿಗೆ ಓಡಾಡುವುದು ಹೊಸದೇನಲ್ಲ. ಅವರ ಮಗ ಒಂದು ಪಟವನ್ನು ಆಗಲೇ ಫೋನಿನ ಅನುವಾದದ ಆ್ಯಪ್‌ಗೆ ಹಾಕಿದ್ದ. ಆ ಪಟದಲ್ಲಿ ಇದ್ದದ್ದು ಇದು:

```
Once the tassels come out,
spraying chemicals on the crop
```

ಆ್ಯಪ್ ಕೊಟ್ಟ ಕನ್ನಡದ ಸಾರಾಂಶ: ಸೂಲಂಗಿ ಬಂದ ಮೇಲೆ ಬೆಳೆಗೆ ಔಷಧಿ ಸಿಂಪಡಿಸಿ. ಅಪ್ಪ ಮಗ ಇಬ್ಬರೂ ಔಷಧಿ ತರಲು ತಯಾರಾಗಿದ್ದರು. ಆದರೆ ಇಂಗ್ಲಿಷಿನಲ್ಲಿ ವಾಕ್ಯ ಮುಗಿದೇ ಇಲ್ಲ ನೋಡಿ. ಕೊನೆಗೆ ಚುಕ್ಕಿ ಇಲ್ಲ, ಮುಖ್ಯ ಕ್ರಿಯಾಪದವೂ ಇಲ್ಲ. ಮುಂದಿನ ತುಂಡು ಅವರು ಕಳಿಸಿದ ಇನ್ನೊಂದು ಪಟದಲ್ಲೇ ಇತ್ತು:

```
will not pay for itself.
```

ವಾಟ್ಸಾಪ್‌ನಲ್ಲಿ ಈ ಪಟ ಮೊದಲು ಬಂದಿತ್ತು, ಹಾಗಾಗಿ ಅದು ಇದರ ಬಾಲ ಅಂತ ಯಾರಿಗೂ ಹೊಳೆದಿರಲಿಲ್ಲ. ಸಣ್ಣಕ್ಷರದಿಂದ ಶುರು, ಚುಕ್ಕಿಯಿಂದ ಮುಕ್ತಾಯ. ಪ್ಲೇಯರ್‌ನ ಪಟ್ಟಿಯಲ್ಲಿ ಸಮಯ ನೋಡಿದರೆ ಮೊದಲನೆಯದು 6:38, ಇದು 6:41. ಜೋಡಿ ಸರಿಯಾಗಿದೆ. ಎರಡನ್ನೂ ಸೇರಿಸಿ ಓದಿದರೆ ಅರ್ಥ ತಿರುಗಾ ಮುರುಗಾ: "ಸೂಲಂಗಿ ಬಂದ ಮೇಲೆ ಔಷಧಿ ಹೊಡೆದರೆ ಹಾಕಿದ ದುಡ್ಡೂ ವಾಪಸ್ ಬರುವುದಿಲ್ಲ." ನಮ್ಮಲ್ಲಿ ಕೃಷಿ ವಿಜ್ಞಾನಿಗಳು ಹೇಳುವುದೂ ಹೀಗೇ. ಆ ಹಂತದಲ್ಲಿ ರಾಸಾಯನಿಕ ಸಿಂಪಡಣೆ ಲಾಭದಾಯಕ ಅಲ್ಲ, ಹುಳು ಆರಿಸಿ ತೆಗೆಯಿರಿ ಅಂತಾರೆ.

ಇಲ್ಲಿ ಇಂಗ್ಲಿಷಿನ "ಇಲ್ಲ" ಎರಡನೇ ತುಂಡಿನ ಶುರುವಿನಲ್ಲಿದೆ, ಕನ್ನಡದಲ್ಲಿ ಅದು ವಾಕ್ಯದ ತುದಿಗೆ ಹೋಗುತ್ತದೆ. ಪಟಕ್ಕೊಂದು ಅನುವಾದ ಅಂತ ಹೊರಟರೆ ಎರಡನೇ ಪಟಕ್ಕೆ "ತನಗೆ ತಾನೇ ಹಣ ಕೊಡುವುದಿಲ್ಲ" ಅಂತ ಏನೋ ಒಂದು ಬರುತ್ತದೆ. ಯಾವುದು ಕೊಡುವುದಿಲ್ಲ, ಯಾರಿಗೆ ಅಂತ ತಲೆಬುಡ ಇಲ್ಲ. ಅಂಥ ಎರಡು ತುಂಡನ್ನು ಎಷ್ಟು ಜೋಡಿಸಿದರೂ ವಾಕ್ಯ ಆಗುವುದಿಲ್ಲ. ಇನ್ನು ಅನುವಾದದ ಆ್ಯಪ್ ಅರ್ಧ ವಾಕ್ಯ ಕೊಟ್ಟರೆ "ಇದು ಅರ್ಧ" ಅಂತ ಹೇಳುವುದಿಲ್ಲ. ಬಹಳ ಸಲ ಅದಕ್ಕೊಂದು ಕ್ರಿಯಾಪದ ಅಂಟಿಸಿ ನೆಟ್ಟಗೆ ಕಾಣುವ ವಾಕ್ಯವನ್ನೇ ಕೊಡುತ್ತದೆ. ಅದಕ್ಕೇ ಮೋಸ ಹೋಗುವುದು.

ನಡುವೆ ಒಂದು ಸಬ್‌ಟೈಟಲ್ ತಪ್ಪಿಹೋಗಿದೆ ಅಂತ ಹೇಗೆ ತಿಳಿಯುತ್ತದೆ?

ಅದೇ ಮೆಕ್ಕೆಜೋಳದ ಮೂರನೇ ಪಟದ ಸಮಯ 6:52. ಎರಡನೆಯದು 6:41. ನಡುವೆ 11 ಸೆಕೆಂಡು. ಒಂದು ಸಬ್‌ಟೈಟಲ್ 7 ಸೆಕೆಂಡಿಗಿಂತ ಜಾಸ್ತಿ ನಿಲ್ಲುವುದು ಅಪರೂಪ ಅಂದೆವಲ್ಲ, ಹಾಗಾದರೆ ನಡುವೆ ಮೌನ ಇದ್ದಿರಬಹುದು, ಇಲ್ಲ ಇನ್ನೊಂದು ಸಬ್‌ಟೈಟಲ್ ಬಂದು ಹೋಗಿರಬಹುದು. ಮೂರನೇ ಪಟ ದೊಡ್ಡಕ್ಷರದಿಂದ ಶುರುವಾಗಿತ್ತು, ಎರಡನೆಯದು ಚುಕ್ಕಿಯಲ್ಲಿ ಮುಗಿದಿತ್ತು. ಬರೀ ವ್ಯಾಕರಣ ನೋಡಿದರೆ ಎಲ್ಲಾ ಸರಿಯಾಗಿದೆ ಅನ್ನಿಸುತ್ತದೆ. ಗಡಿಯಾರ ಮಾತ್ರ ಅನುಮಾನ ಹುಟ್ಟಿಸಿತು.

"ಅಣ್ಣಾ, ಆ ಜಾಗಕ್ಕೆ ಹೋಗಿ ಇನ್ನೊಂದು ಪಟ ತೆಗೀರಿ" ಅಂದೆ. ತೆಗೆದು ಕಳಿಸಿದರು:

```
On a small plot,
there is another way.
```

ಚಿಕ್ಕ ಜಮೀನಿನವರಿಗೆ ಇನ್ನೊಂದು ದಾರಿ ಇದೆ ಅಂತ. ಈ ಸಾಲು ಬಿಟ್ಟಿದ್ದರೆ ಮುಂದೆ ಬರುವ ಸಲಹೆ ಐದು ಎಕರೆಗೂ ಅನ್ವಯ ಅಂತ ಆಗುತ್ತಿತ್ತು. ಅವರದು ಹತ್ತಿರ ಹತ್ತಿರ ಅಷ್ಟೇ ಜಮೀನು.

ಸಾಲಿನ ಬಲತುದಿ ಕತ್ತರಿಸಿ ಹೋಗಿದೆ. ಎಷ್ಟು ಅಕ್ಷರ ಹೋಗಿರಬಹುದು?

ಇದನ್ನು ಅಂದಾಜಿನ ಮೇಲೆ ಬಿಡಬೇಕಾಗಿಲ್ಲ, ಅಳೆಯಬಹುದು. ಬಹುಪಾಲು ಸಬ್‌ಟೈಟಲ್‌ಗಳು ಪರದೆಯ ನಟ್ಟನಡುವಿಗೆ ಹೊಂದಿಸಿರುತ್ತವೆ. ಅಂದರೆ ನಡುಗೆರೆಯಿಂದ ಎಡಕ್ಕೆ ಸಾಲು ಎಷ್ಟು ದೂರ ಹೋಗಿದೆಯೋ ಬಲಕ್ಕೂ ಅಷ್ಟೇ ಹೋಗಿರುತ್ತದೆ. ಎಡತುದಿ ಕಾಣುತ್ತಿದ್ದರೆ ಬಲತುದಿ ಎಲ್ಲಿತ್ತು ಅಂತ ಲೆಕ್ಕ ಸಿಗುತ್ತದೆ.

ಮೂರನೇ ಪಟವನ್ನೇ ತೆಗೆದುಕೊಳ್ಳಿ. ಯಾರೋ ಬಲಗಡೆ ಕ್ರಾಪ್ ಮಾಡಿದ್ದರು:

```
 Pick the larvae off by h
and drop them in soapy wa
```

ಪಟದ ಎತ್ತರ 720 ಪಿಕ್ಸೆಲ್, ಅಗಲ 850. ಎತ್ತರ ಪೂರ್ತಿ ಉಳಿದಿದೆ, ಎಡ ಅಂಚೂ ಉಳಿದಿದೆ. ಮಾಮೂಲಿ ಅಗಲ ಪರದೆಯ ವಿಡಿಯೋದಲ್ಲಿ ಅಗಲ ಮತ್ತು ಎತ್ತರದ ಅನುಪಾತ 16ಕ್ಕೆ 9. ಎತ್ತರ 720 ಆದರೆ ಮೂಲ ಅಗಲ 1280, ನಡುಗೆರೆ ಎಡ ಅಂಚಿನಿಂದ 640ರಲ್ಲಿ.

ಮೇಲಿನ ಸಾಲು ಶುರುವಾಗುವುದು 370ರಲ್ಲಿ. ನಡುವಿಗೆ 270 ದೂರ. ಹಾಗಾದರೆ ಸಾಲು ಮುಗಿಯಬೇಕಾದ್ದು 640ಕ್ಕೆ 270 ಕೂಡಿಸಿ, 910ರಲ್ಲಿ. ಪಟ ಕತ್ತರಿಸಿರುವುದು 850ಕ್ಕೆ. ಕಳೆದುಹೋದದ್ದು 60 ಪಿಕ್ಸೆಲ್. ಕಾಣುವ 24 ಅಕ್ಷರ (ನಡುವಿನ ಖಾಲಿ ಜಾಗವೂ ಸೇರಿ) 480 ಪಿಕ್ಸೆಲ್ ತೆಗೆದುಕೊಂಡಿವೆ, ಅಂದರೆ ಒಂದಕ್ಕೆ 20. ಹೋಗಿರುವುದು ಮೂರು ಅಕ್ಷರ. `h` ಆದ ಮೇಲೆ ಮೂರು ಅಕ್ಷರ: `hand`. ಕೈಯಿಂದ ಆರಿಸಿ ತೆಗೆಯುವುದು, ಅರ್ಥಕ್ಕೂ ಕೂತಿತು.

ಕೆಳಗಿನ ಸಾಲು 350ರಲ್ಲಿ ಶುರು. ಅದೇ ಲೆಕ್ಕ ಹಾಕಿದರೆ 930ರಲ್ಲಿ ಮುಗಿಯಬೇಕು, ಹೋಗಿರುವುದು ನಾಲ್ಕು ಅಕ್ಷರ: `water` ಪದದ ಉಳಿದ ಮೂರು, ಜೊತೆಗೆ ಒಂದು ಚುಕ್ಕಿ. ಚುಕ್ಕಿ ಇದೆ ಅಂದರೆ ವಾಕ್ಯ ಇಲ್ಲಿಗೆ ಮುಗಿದಿದೆ. ಕನ್ನಡ: "ಹುಳುಗಳನ್ನು ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿ."

ಈ ಲೆಕ್ಕಕ್ಕೆ ಮಿತಿಯೂ ಇದೆ. ಇಂಗ್ಲಿಷಿನಲ್ಲಿ ಎಲ್ಲ ಅಕ್ಷರದ ಅಗಲ ಒಂದೇ ಅಲ್ಲ. `i`, `l` ತೆಳ್ಳಗೆ, `m`, `w` ದಪ್ಪ. ಒಂದು ಅಕ್ಷರ ಆಚೀಚೆ ಆಗಬಹುದು, ಸಣ್ಣ ಚುಕ್ಕಿಯ ವಿಷಯದಲ್ಲಂತೂ ಪೂರ್ತಿ ಖಾತ್ರಿ ಇಲ್ಲ. ಮುಂದಿನ ಪಟದ ಮೊದಲ ಅಕ್ಷರ ದೊಡ್ಡದಾ ಅಂತ ನೋಡಿ ಅದನ್ನು ಪಕ್ಕಾ ಮಾಡಿಕೊಳ್ಳಬೇಕು. ಎಡಕ್ಕೆ ಅಂಟಿಸಿದ ಸಬ್‌ಟೈಟಲ್ ಆದರೆ ಈ ಲೆಕ್ಕ ನಡೆಯುವುದೇ ಇಲ್ಲ. ಎರಡು ಸಾಲೂ ಒಂದೇ ಕಡೆಯಿಂದ ಶುರುವಾಗಿದ್ದು ಉದ್ದ ಮಾತ್ರ ಬೇರೆ ಇದ್ದರೆ ಅದು ನಡುವಿಗೆ ಹೊಂದಿಸಿದ್ದಲ್ಲ ಅಂತ ತಿಳಿಯಿರಿ.

ಎಡಗಡೆ ಕತ್ತರಿಸಿದ್ದರೆ?

ಲೆಕ್ಕ ಅದೇ, ಅಪಾಯ ಜಾಸ್ತಿ. ಇಂಗ್ಲಿಷಿನಲ್ಲಿ ಅರ್ಥ ತಿರುಗಿಸುವ ಚೂರುಗಳು ಪದದ ಮುಂದೆ ಕೂರುತ್ತವೆ. `unsafe to drink` ಅನ್ನುವುದರಲ್ಲಿ ಮೊದಲ ಎರಡು ಅಕ್ಷರ ಹೋದರೆ ಉಳಿಯುವುದು `safe to drink`. ಸಾಲು ಸಣ್ಣಕ್ಷರದಿಂದ ಶುರುವಾಗಿದ್ದರೆ ಹಿಂದಿನ ಫ್ರೇಮಿನಿಂದ ಬಂದಿರಬೇಕು ಅಂತ ನಾವು ಸುಮ್ನೆ ಮುಂದೆ ಹೋಗುತ್ತೇವೆ. ಬಲತುದಿಯನ್ನು ನಡುಗೆರೆಗೆ ಅಳೆದು, ಎಡಕ್ಕೂ ಅಷ್ಟು ಅಗಲ ಇದೆಯಾ ಅಂತ ನೋಡಿದರೆ ಮಾತ್ರ ಎರಡು ಅಕ್ಷರ ಕಮ್ಮಿ ಇರುವುದು ಸಿಕ್ಕಿಬೀಳುತ್ತದೆ.

ಸ್ಟೇಟಸ್ ವಿಡಿಯೋದಲ್ಲಿ ಎರಡೂ ಕಡೆ ಹೋಗಿರುತ್ತದಲ್ಲ?

ಹೌದು, ಅದು ಕಷ್ಟದ ಕೇಸು. ಅಗಲದ ವಿಡಿಯೋವನ್ನು ಉದ್ದಕ್ಕೆ ನಿಲ್ಲಿಸಿ ಪರದೆ ತುಂಬಿಸಿದಾಗ ಮೂಲ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಉಳಿಯುತ್ತದೆ. ಎರಡೂ ತುದಿ ಕಾಣದಿದ್ದರೆ ಅಳೆಯಲು ಏನೂ ಇಲ್ಲ. ಇಂಥದ್ದಕ್ಕೆ ಅನುವಾದ ಮಾಡಿಕೊಡಿ ಅಂದರೆ ನಾವು ಮಾಡುವುದಿಲ್ಲ, ಮೂಲ ವಿಡಿಯೋ ಹುಡುಕಿ ಅಂತೇವೆ.

ಸಾಲಿನ ಕೆಳಭಾಗ ಪ್ಲೇಯರ್‌ನ ಪಟ್ಟಿಯಡಿ ಮುಚ್ಚಿಹೋಗಿದೆ. ಓದಬಹುದಾ?

ಭಾಷೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಇಂಗ್ಲಿಷ್ ಅಕ್ಷರಗಳ ಗುರುತು ಮೇಲಿನ ಅರ್ಧದಲ್ಲೇ ಹೆಚ್ಚು ಇರುತ್ತದೆ. ಕೆಳಗಿನ ಅರ್ಧ ಮುಚ್ಚಿದರೂ ಬಹುತೇಕ ಓದಬಹುದು, ಮೇಲಿನರ್ಧ ಮುಚ್ಚಿದರೆ ತಿಣುಕಾಡಬೇಕು. ಹಿಂದಿಯಲ್ಲಿ ಮೇಲ್ಗೆರೆಯ ಮೇಲಿನದು ಹೋದರೆ ಕೆಲಸ ಕೆಟ್ಟಿತು. "ನಾನು" ಅನ್ನುವ `मैं`, "ಒಳಗೆ" ಅನ್ನುವ `में`, ಎರಡಕ್ಕೂ ಇರುವ ವ್ಯತ್ಯಾಸ ಮೇಲಿನ ಒಂದು ಗೀಟು ಅಷ್ಟೇ.

ನಮ್ಮ ಕನ್ನಡಕ್ಕೆ ಅಪಾಯ ಕೆಳಗಡೆ, ಒತ್ತಕ್ಷರದಲ್ಲಿ. ಕೆಳಗಿನ ಪಟ್ಟಿ ಒತ್ತನ್ನು ನುಂಗಿದರೆ "ಹತ್ತಿ" ಹೋಗಿ "ಹತಿ" ಆಗುತ್ತದೆ, "ಕಲ್ಲು" "ಕಲು" ಆಗುತ್ತದೆ. ಇವು ಪದವೇ ಅಲ್ಲ, ಹಾಗಾಗಿ ಗೊತ್ತಾಗುತ್ತದೆ. "ಹಳ್ಳಿ" "ಹಳಿ" ಆದರೆ ಮಾತ್ರ ಗೊತ್ತಾಗಲ್ಲ, ರೈಲ್ವೆ ವಿಡಿಯೋದಲ್ಲಿ ಅದೂ ಸರಿಯಾಗಿಯೇ ಕಾಣುತ್ತದೆ. ಕನ್ನಡ ಸಬ್‌ಟೈಟಲನ್ನು ಇಂಗ್ಲಿಷಿಗೆ ಮಾಡಿಕೊಡಿ ಅಂತ ಬರುವವರಿಗೆ ನಾನು ಮೊದಲು ನೋಡುವುದು ಅಡಿ ಅಂಚು.

ಒಂದೇ ಸಾಲು ಎರಡು ಪಟದಲ್ಲೂ ಇದೆ. ಎರಡು ಸಲ ಹೇಳಿದ್ದಾರಾ?

ಬಹುಶಃ ಇಲ್ಲ. ತಾನಾಗಿ ಮೂಡುವ ಕ್ಯಾಪ್ಷನ್, ನೇರಪ್ರಸಾರದ ಕ್ಯಾಪ್ಷನ್ ಮೇಲಕ್ಕೆ ಉರುಳುತ್ತವೆ. ಕೆಳಗಿನ ಸಾಲು ಮೇಲೆ ಹೋಗಿ, ಕೆಳಗೆ ಹೊಸದು ಬರುತ್ತದೆ. ಮೊದಲ ಪಟದ ಕೆಳಸಾಲು ಎರಡನೇ ಪಟದ ಮೇಲ್ಸಾಲು ಆಗಿದ್ದರೆ ಅದನ್ನು ಒಂದೇ ಸಲ ಬರೆದುಕೊಳ್ಳಿ. ಈ ಪುನರಾವರ್ತನೆ ನಿಮಗೆ ಉಪಕಾರವೇ, ನಡುವೆ ಏನೂ ಬಿಟ್ಟುಹೋಗಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಈ ಕ್ಯಾಪ್ಷನ್‌ಗಳಲ್ಲಿ ಎಷ್ಟೋ ಸಲ ಚುಕ್ಕಿಯೂ ಇಲ್ಲ, ದೊಡ್ಡಕ್ಷರವೂ ಇಲ್ಲ. ವಾಕ್ಯ ಎಲ್ಲಿ ಮುಗಿಯಿತು ಅಂತ ತಿಳಿಯಲು ಧ್ವನಿ ಕೇಳಲೇಬೇಕು.

ವಾಕ್ಯದ ಕರ್ತೃ ಹಿಂದಿನ ಫ್ರೇಮಿನಲ್ಲಿ ಉಳಿದುಹೋಗಿದೆ. ಕನ್ನಡದಲ್ಲಿ "ಬಂದ" ಅನ್ನಲಾ, "ಬಂದಳು" ಅನ್ನಲಾ?

ಸೀರಿಯಲ್ ಪಟಗಳಲ್ಲಿ ದಿನಾ ಬರುವ ತಲೆನೋವು. ಇಂಗ್ಲಿಷ್ ಕ್ರಿಯಾಪದ ಗಂಡೋ ಹೆಣ್ಣೋ ಹೇಳುವುದಿಲ್ಲ, ಅವನು, ಅವಳು ಅನ್ನುವ ಕಡೆ ಕನ್ನಡದ್ದು ಸಾಮಾನ್ಯವಾಗಿ ಹೇಳದೆ ಬಿಡುವುದಿಲ್ಲ.

```
came home late last night.
```

ಇಷ್ಟೇ ಕೊಟ್ಟರೆ ಯಾರು ಬಂದದ್ದು? ಪರದೆ ಮೇಲೆ ಹೆಂಗಸಿನ ಮುಖ ಇದೆ ಅಂತ "ಬಂದಳು" ಅಂದುಬಿಡಬೇಡಿ. ಆಕೆ ತನ್ನ ಗಂಡನ ಬಗ್ಗೆ ದೂರುತ್ತಿರಬಹುದು. ಹಿಂದಿನ ಪಟ ಕೇಳಿ. ಅದು ಸಿಗದೇ ಇದ್ದರೆ ಕನ್ನಡದಲ್ಲೇ ಒಂದು ದಾರಿ ಇದೆ: "ರಾತ್ರಿ ಮನೆಗೆ ಬಂದಿದ್ದೇ ತಡವಾಗಿ." ಗಂಡೂ ಆಗಬಹುದು, ಹೆಣ್ಣೂ ಆಗಬಹುದು, ಕೇಳುವುದಕ್ಕೂ ಸಹಜ. ಸುಮ್ಮನೆ "ಬಂದರು" ಅಂತ ಗೌರವ ಹಾಕಿದರೆ ತಮ್ಮನ ಬಗ್ಗೆ ಆಡಿದ ಮಾತು ಮಾವನ ಬಗ್ಗೆ ಆಡಿದ ಹಾಗಾಗುತ್ತದೆ. ನೀನು, ನೀವು ವಿಷಯವೂ ಅಷ್ಟೇ. ಆ ಇಬ್ಬರ ನಡುವಿನ ಇನ್ನೊಂದೆರಡು ಪಟ ಇಲ್ಲದೆ ತೀರ್ಮಾನ ಮಾಡಲು ಹೋಗಬೇಡಿ.

ಸಿಗದ ಭಾಗವನ್ನು ನೀವೇ ಊಹಿಸಿ ತುಂಬಬಾರದಾ?

ಪದದ ಬಾಲ ಮಾತ್ರ ಹೋಗಿದ್ದು, ಅಳತೆಗೂ ಅರ್ಥಕ್ಕೂ ಒಂದೇ ಪದ ಕೂರುವುದಾದರೆ ತುಂಬುತ್ತೇವೆ. ಆ ಪದವನ್ನು ಚೌಕ ಆವರಣದಲ್ಲಿ ಇಡುತ್ತೇವೆ: "ಹುಳುಗಳನ್ನು [ಕೈಯಿಂದ] ಆರಿಸಿ." ಮೂಲದಲ್ಲಿ ಪೂರ್ತಿ ಕಾಣಲಿಲ್ಲ ಅಂತ ಓದುವವರಿಗೆ ತಿಳಿಯಲಿ. ಇಡೀ ತುಂಡು ಹೋಗಿದ್ದರೆ "[ಮುಂದಿನ ಸಾಲು ಪಟದಲ್ಲಿಲ್ಲ]" ಅಂತಲೇ ಬರೆದು ವಾಕ್ಯವನ್ನು ಅರ್ಧಕ್ಕೆ ಬಿಡುತ್ತೇವೆ. "ಸೂಲಂಗಿ ಬಂದ ಮೇಲೆ ಬೆಳೆಗೆ ಔಷಧಿ ಹೊಡೆಯುವುದು… [ಮುಂದಿನ ಸಾಲು ಪಟದಲ್ಲಿಲ್ಲ]" ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಇದನ್ನು ಓದಿ ಯಾರೂ ಔಷಧಿ ಅಂಗಡಿಗೆ ಓಡುವುದಿಲ್ಲ. ಪ್ರಮಾಣ, ದಿನ, "ಬೇಡ", "ಇಲ್ಲದಿದ್ದರೆ" ಇಂಥ ಪದಗಳನ್ನಂತೂ ಯಾರು ಎಷ್ಟು ಒತ್ತಾಯ ಮಾಡಿದರೂ ಊಹಿಸುವುದಿಲ್ಲ.

ಪಟ ಹೇಗೆ ತೆಗೆದು ಕಳಿಸಿದರೆ ನಿಮಗೆ ಅನುಕೂಲ?

ಮೊದಲು ಪಟ ಬೇಕಾ ಅಂತಲೇ ನೋಡಿ. ಯೂಟ್ಯೂಬ್ ವಿಡಿಯೋದ ವಿವರಣೆಯ ಕೆಳಗೆ `Show transcript` ಅಂತ ಇದ್ದರೆ ಸಮಯದ ಸಮೇತ ಎಲ್ಲ ಸಾಲೂ ಅಲ್ಲೇ ಸಿಗುತ್ತದೆ. ಸಬ್‌ಟೈಟಲ್ ವಿಡಿಯೋ ಚಿತ್ರದಲ್ಲೇ ಅಚ್ಚಾಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಆಗ ಪಟವೇ ಗತಿ.

ಕ್ರಾಪ್ ಮಾಡಬೇಡಿ. ಬೇಕಾದ ಸಾಲಿನ ಹಿಂದಿನದು ಒಂದು, ಮುಂದಿನದು ಒಂದು ಸೇರಿಸಿ. ವಾಕ್ಯ ಚುಕ್ಕಿಗೆ ಮುಟ್ಟುವ ತನಕ ತೆಗೆಯುತ್ತಾ ಹೋಗಿ. ಪ್ರತಿ ಜಾಗದಲ್ಲೂ ಪ್ಲೇಯರ್ ಬಟನ್ ಮಾಯವಾದ ಮೇಲೆ ಒಂದು ಪಟ, ಸಮಯ ಕಾಣುವ ಹಾಗೆ ಇನ್ನೊಂದು. ಸಾಲು ಮೂಡುವಾಗ, ಮಾಸುವಾಗ ತೆಗೆದರೆ ಕೆಲವು ವಿಡಿಯೋಗಳಲ್ಲಿ ಎರಡು ಸಬ್‌ಟೈಟಲ್ ಒಂದರ ಮೇಲೊಂದು ಕಾಣುತ್ತವೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ನಿಲ್ಲಿಸಿ `.` ಒತ್ತಿದರೆ ಒಂದು ಫ್ರೇಮ್ ಮುಂದೆ, `,` ಒತ್ತಿದರೆ ಒಂದು ಹಿಂದೆ. ವಿಎಲ್‌ಸಿಯಲ್ಲಿ `E` ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ.

ಕೆಲವು ಸಿನಿಮಾ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು ಬರುತ್ತದೆ, ಇಲ್ಲವೇ ತೆಗೆಯಲು ಬಿಡುವುದೇ ಇಲ್ಲ. ಇನ್ನೊಂದು ಫೋನಿನಿಂದ ಫೋಟೋ ತೆಗೆಯುವುದಾದರೆ ನೇರ ಎದುರಿಗೆ ಹಿಡಿದು, ಪರದೆಯ ನಾಲ್ಕೂ ಮೂಲೆ ಬರುವಂತೆ ತೆಗೆಯಿರಿ. ಓರೆಯಾದರೆ ನಡುಗೆರೆಯ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ.

ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಆಗಿ ಬಂದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಕಲಸಿಹೋಗುತ್ತದೆ. ನಾವು ಸೇವ್ ಮಾಡಿಕೊಂಡಾಗ ಹೆಸರು `IMG-20240612-WA0011.jpg` ಥರ ಆಗುತ್ತದೆ, ಅದರಲ್ಲಿ ಇರುವುದು ಬಂದ ದಿನ ಮತ್ತು ಕ್ರಮಸಂಖ್ಯೆ. ಡಾಕ್ಯುಮೆಂಟ್ ಆದರೆ `Screenshot_20240612-201733` ಅಂತ ಫೋನು ಇಟ್ಟ ಹೆಸರೇ ಉಳಿಯುತ್ತದೆ. ಯಾವ ಪಟ ಮೊದಲು ತೆಗೆದದ್ದು ಅಂತ ಸೆಕೆಂಡಿನ ತನಕ ಗೊತ್ತಾಗುತ್ತದೆ, ನಾವು ಫೋನ್ ಮಾಡಿ ಕೇಳುವ ಕೆಲಸ ತಪ್ಪುತ್ತದೆ.